ಎಡದಿಂದ ಮೂರನೆಯವಳು

ಹಳೆಯ ಫೋಟೋಗಳ ಹಿಂಬದಿಯಲ್ಲಿ ಜನ ಸಾಮಾನ್ಯವಾಗಿ ಬರೆಯುವುದು ಮೂರೇ ಸಂಗತಿ: ಯಾರು, ಎಲ್ಲಿ, ಯಾವಾಗ. 'ಕೂತವರು ಎಡದಿಂದ' ಎಂದು ಶುರುವಾಗಿ ಹೆಸರುಗಳ ಸಾಲು ಬರುತ್ತದೆ, ಕೆಳಗೆ ಊರು, ಇಸವಿ. ಈ ಬರಹಗಳೆಲ್ಲ 'ಹೌದು' ಎನ್ನುವ ಬರಹಗಳು. ಇವನು ಇಂಥವನು, ಇವಳು ಇಂಥವಳು, ಇದು ಇಂಥ ದಿನ. ನಮ್ಮ ಅಜ್ಜಿಯ ಟ್ರಂಕಿನ ತಳದಲ್ಲಿ, ಒಂದು ಪಟ್ಟೆ ಸೀರೆಯ ಮಡಿಕೆಯೊಳಗೆ ಸಿಕ್ಕ ಕಪ್ಪುಬಿಳುಪು ಫೋಟೋದ ಹಿಂದೆ ಇರುವುದು 'ಅಲ್ಲ' ಎನ್ನುವ ಬರಹ. ಒಂದೇ ವಾಕ್ಯ, ಅಜ್ಜಿಯದೇ ಅಕ್ಷರ: 'ಎಡದಿಂದ ಮೂರನೆಯವಳು ನಾನಲ್ಲ.'

ಅಜ್ಜಿ ಈಗಿಲ್ಲ. ಆ ವಾಕ್ಯವನ್ನು ಯಾವಾಗ ಬರೆದಳು, ಯಾಕೆ ಬರೆದಳು ಎಂದು ಕೇಳಲು ಸಾಧ್ಯವಿಲ್ಲ. ಆದರೆ ಅದು ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟಿದೆ. ತೀರಿಹೋದವರು ತಮ್ಮ ಬಗ್ಗೆ ಹೇಳಿದ ಮಾತು ಮತ್ತು ಬದುಕಿರುವ ನಾವೆಲ್ಲ ನಂಬಿಕೊಂಡು ಬಂದ ಮಾತು ಎದುರುಬದುರಾದಾಗ, ನಾವು ಯಾರ ಪರ ನಿಲ್ಲಬೇಕು? ಅದಕ್ಕೆ ಉತ್ತರ ಹುಡುಕುವ ಮೊದಲು ಆ ವಾಕ್ಯ ಏನು ಹೇಳುತ್ತಿದೆ ಎಂಬುದನ್ನೇ ನಿಧಾನವಾಗಿ ನೋಡಬೇಕು. ಐದು ಪದ ಕೂಡ ಇಲ್ಲದ ವಾಕ್ಯ ಅದು, ಆದರೂ ಅವಸರದಲ್ಲಿ ಓದಿದರೆ ಕೈತಪ್ಪುತ್ತದೆ.

ಮೊದಲು ಫೋಟೋ. ಸುಮಾರು ಆರೂವರೆ ಇಂಚು ಅಗಲ, ನಾಲ್ಕೂಮುಕ್ಕಾಲು ಇಂಚು ಎತ್ತರ. ಆ ಕಾಲದ ಸ್ಟುಡಿಯೋದವರು 'ಹಾಫ್ ಪ್ಲೇಟ್' ಎನ್ನುತ್ತಿದ್ದ ಅಳತೆ. ಗಾಜಿನ ನೆಗೆಟಿವ್‌ನಿಂದ ಅದೇ ಅಳತೆಯ ಕಾಗದದ ಮೇಲೆ ನೇರವಾಗಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಅಂಚಿನ ಕಪ್ಪು ಭಾಗಗಳನ್ನು ಓರೆ ಮಾಡಿ ನೋಡಿದರೆ ನೀಲಿ ಛಾಯೆಯ ಕನ್ನಡಿಯಂತೆ ಹೊಳೆಯುತ್ತದೆ. ಕಾಗದದಲ್ಲಿರುವ ಬೆಳ್ಳಿ ಮಲೆನಾಡಿನ ಥಂಡಿಗೆ ಹೊರಳಿ ಮೇಲೆ ಬಂದದ್ದು ಅದು. ಮನೆಯ ಜಗಲಿಯ ಮುಂದೆ ತೆಗೆದ ಫೋಟೋ. ಹಿಂದೆ ಆರು ಜನ ನಿಂತಿದ್ದಾರೆ, ಮುಂದೆ ಕುರ್ಚಿಗಳಲ್ಲಿ ಮೂವರು ಹಿರಿಯರು, ನೆಲದ ಮೇಲೆ ನಾಲ್ಕು ಮಕ್ಕಳು. ನಿಂತವರ ಸಾಲಿನಲ್ಲಿ ಎಡದಿಂದ ಮೂರನೆಯವಳು ಹದಿನೇಳು ಹದಿನೆಂಟರ ತರುಣಿ. ಕತ್ತಿನಲ್ಲಿ ತಾಳಿ, ಮೂಗಿನಲ್ಲಿ ನತ್ತು, ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುವ ಕಣ್ಣು. ಅವಳ ಪಕ್ಕದಲ್ಲಿ ನಿಂತಿರುವುದು ನಮ್ಮ ಅಜ್ಜ, ಪೇಟ ಸುತ್ತಿದ ತೆಳುಮೀಸೆಯ ಯುವಕ. ಇದೇ ಫೋಟೋದ ಇನ್ನೊಂದು ಪ್ರತಿ ಕಟ್ಟು ಹಾಕಿಸಿಕೊಂಡು ಊರಿನ ಮನೆಯ ನಡುಮನೆಯಲ್ಲಿ ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ನೇತಾಡುತ್ತಿತ್ತು. ನಮ್ಮೆಲ್ಲರಿಗೂ ಅದು 'ಅಜ್ಜ-ಅಜ್ಜಿ ಹೊಸದಾಗಿ ಮದುವೆಯಾದಾಗಿನ ಫೋಟೋ'.

ಟ್ರಂಕಿನ ಪ್ರತಿಯ ಹಿಂದೆ ಎರಡು ಬರಹಗಳಿವೆ. ಒಂದು ಮೇಲಿನ ಮೂಲೆಯಲ್ಲಿ, ಅಜ್ಜನ ಕೈಯದು, ಮಸಿ ಪೆನ್ನಿನದು: 'ವಿಕ್ರಮ ಸಂ. ಮಾಘ ಶುದ್ಧ'. ಮಸಿ ರಟ್ಟಿನ ನಾರಿನೊಳಗೆ ಇಳಿದು ಅಂಚು ಕದಡಿದೆ, ಬಣ್ಣ ಕಂದಿದೆ. ಇನ್ನೊಂದು ಕೆಳಗಡೆ, ಸಣ್ಣ ಅಕ್ಷರದಲ್ಲಿ, ಅಜ್ಜಿಯ ವಾಕ್ಯ. ಇದು ಮಸಿಯಲ್ಲ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಪ್ರತಿ ಗೆರೆಯೂ ರಟ್ಟಿನಲ್ಲಿ ಸಣ್ಣ ಗುಳಿಯಾಗಿ ಕಾಣುತ್ತದೆ. ಒತ್ತಿ ಬರೆಯಬೇಕಾದ ಬಾಲ್ ಪೆನ್ನು ಬಿಡುವ ಗುರುತು ಅದು. ಬಾಲ್ ಪೆನ್ನು ಜಗತ್ತಿನ ಮಾರುಕಟ್ಟೆಗೇ ಬಂದದ್ದು 1940ರ ದಶಕದ ನಡುವಿನಲ್ಲಿ, ನಮ್ಮ ಹಳ್ಳಿಗಳಿಗೆ ಅದಕ್ಕಿಂತ ಬಹಳ ತಡವಾಗಿ. ಎಂದರೆ ಅಜ್ಜಿ ಈ ಮಾತು ಬರೆದದ್ದು ಫೋಟೋ ತೆಗೆಸಿದ ಎಷ್ಟೋ ವರ್ಷಗಳ ನಂತರ, ಬಹುಶಃ ಅದು ಗೋಡೆಯ ಮೇಲೆ ಅವಳದೇ ಫೋಟೋ ಎಂದು ಹೆಸರಾಗಿದ್ದ ಕಾಲದಲ್ಲಿ.

ಸಂವತ್ಸರದ ಹೆಸರುಗಳಲ್ಲಿ ಒಂದು ತೊಡಕಿದೆ. ಅರವತ್ತು ವರ್ಷಕ್ಕೊಮ್ಮೆ ಅವು ಮರಳಿ ಬರುತ್ತವೆ. ವಿಕ್ರಮ ಸಂವತ್ಸರ 1880ರಲ್ಲಿ ಬಂದಿತ್ತು, 1940ರಲ್ಲಿ ಬಂದಿತ್ತು, 2000ದಲ್ಲೂ ಬಂತು. ಅಜ್ಜ ಯುವಕನಾಗಿ ನಿಂತಿರುವ ಫೋಟೋಕ್ಕೆ ಹೊಂದುವುದು ನಡುವಿನದು ಮಾತ್ರ. 1940ರ ಯುಗಾದಿಗೆ ಶುರುವಾದ ವರ್ಷದ ಮಾಘ ಎಂದರೆ 1941ರ ಜನವರಿ ಕೊನೆ ಅಥವಾ ಫೆಬ್ರವರಿ. ಮಳೆ ಮುಗಿದು, ಅಡಿಕೆ ಕೊಯ್ಲೂ ಮುಗಿಯುತ್ತ ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು. ಪೇಟೆಯಿಂದ ಫೋಟೋದವನನ್ನು ಕರೆಸಲು ಹೊಂದುವ ಕಾಲ.

ಇನ್ನು 'ಎಡದಿಂದ'. ಯಾರ ಎಡ? ನೋಡುವವರ ಎಡವೋ, ಫೋಟೋದಲ್ಲಿ ನಿಂತವರ ಎಡವೋ? ಹಿಂಬದಿಯಲ್ಲಿ ಬರೆಯುವವರು ಫೋಟೋವನ್ನು ಮಗುಚಿ ಹಿಡಿದಿರುತ್ತಾರೆ, ಆಗ ಎಡಬಲ ಅದಲುಬದಲಾಗಿರುತ್ತದೆ. ಹಳೆಯ ಫೋಟೋಗಳಲ್ಲಿ ಹೆಸರುಗಳು ತಪ್ಪು ಮುಖಕ್ಕೆ ಅಂಟಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಅದೂ ಸಾಲದು ಎಂದು ಕೆಲವೊಮ್ಮೆ ನೆಗೆಟಿವ್ ಮಗುಚಿಕೊಂಡು ಇಡೀ ಚಿತ್ರವೇ ಕನ್ನಡಿಯ ಬಿಂಬದಂತೆ ಅಚ್ಚಾಗಿರುತ್ತದೆ. ಇದನ್ನು ಪತ್ತೆ ಮಾಡಲು ಬಟ್ಟೆ ನೋಡಬೇಕು. ಇಲ್ಲಿ ಹೆಂಗಸರ ಸೆರಗು ಎಡ ಹೆಗಲ ಮೇಲಿದೆ, ಹಾಗಾಗಿ ಚಿತ್ರ ಸರಿಯಾಗಿಯೇ ಇದೆ. ಉಳಿದ ಅನುಮಾನವನ್ನು ನಮ್ಮ ಭಾಷೆಯೇ ತೀರಿಸುತ್ತದೆ. ಆರು ಜನರ ಸಾಲಿನಲ್ಲಿ ಇನ್ನೊಂದು ಕಡೆಯಿಂದ ಎಣಿಸಿದರೆ ಮೂರನೆಯ ಸ್ಥಾನದಲ್ಲಿರುವುದು ಅಜ್ಜ. ಅಜ್ಜಿ ಬರೆದಿರುವುದು 'ಮೂರನೆಯವಳು'. ಆ 'ಅವಳು' ಎಂಬ ಪ್ರತ್ಯಯ ಇದ್ದುದರಿಂದ ಬೆರಳು ಬೇರೆಲ್ಲಿಗೂ ಹೋಗುವ ಹಾಗಿಲ್ಲ. ತಾಳಿ ಕಟ್ಟಿಸಿಕೊಂಡ ಆ ತರುಣಿಯ ಬಗ್ಗೆಯೇ ಅವಳು 'ನಾನಲ್ಲ' ಎಂದಿದ್ದಾಳೆ.

ಈಗ ಆ ಕೊನೆಯ ಪದಕ್ಕೆ ಬರೋಣ. ಕನ್ನಡದಲ್ಲಿ ನಿಷೇಧಕ್ಕೆ ಎರಡು ಪದಗಳಿವೆ, 'ಇಲ್ಲ' ಮತ್ತು 'ಅಲ್ಲ'. 'ಇದರಲ್ಲಿ ನಾನಿಲ್ಲ' ಎಂದರೆ ಚಿತ್ರದಲ್ಲಿ ನನ್ನ ಇರವೇ ಇಲ್ಲ ಎಂದಾಗುತ್ತದೆ. 'ಇವಳು ನಾನಲ್ಲ' ಎಂದರೆ ಅವಳು ಬೇರೆ, ನಾನು ಬೇರೆ ಎಂದು. ನಾವು ದಿನವೂ ಯೋಚಿಸದೆ ಮಾಡುವ ಈ ವ್ಯತ್ಯಾಸವನ್ನು ನಮ್ಮ ತರ್ಕಶಾಸ್ತ್ರದವರು ಬಹಳ ಶ್ರಮಪಟ್ಟು ಬಿಡಿಸಿಟ್ಟಿದ್ದಾರೆ. ನ್ಯಾಯ-ವೈಶೇಷಿಕ ಪರಂಪರೆಯಲ್ಲಿ ಅಭಾವವೂ ಒಂದು ಪದಾರ್ಥ. ಅಂದರೆ ಇಲ್ಲದಿರುವಿಕೆಯೂ ಲೋಕದ ಬಗೆಗಿನ ಒಂದು ಸಂಗತಿಯೇ. ಸಂಸ್ಕೃತ ವಿದ್ಯಾರ್ಥಿಗಳು ಮೊದಲು ಓದುವ ಅನ್ನಂಭಟ್ಟನ 'ತರ್ಕಸಂಗ್ರಹ' ಅದರಲ್ಲಿ ನಾಲ್ಕು ಬಗೆಯನ್ನು ಹೇಳುತ್ತದೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಒಂದು ಬಗೆ. ಗಡಿಗೆ ಬಟ್ಟೆಯಲ್ಲ ಎಂಬುದು ಇನ್ನೊಂದು, ಇದಕ್ಕೆ ಅನ್ಯೋನ್ಯಾಭಾವ ಎಂದು ಹೆಸರು. ಸಂಸ್ಕೃತದಲ್ಲಿ ಎರಡಕ್ಕೂ ಅದೇ ನಿಷೇಧದ ಪದ ಬರುತ್ತದೆ, ವಿಭಕ್ತಿಯನ್ನು ನೋಡಿ ಬೇರ್ಪಡಿಸಬೇಕು. ಕನ್ನಡದಲ್ಲಿ ಒಂದು 'ಇಲ್ಲ', ಇನ್ನೊಂದು 'ಅಲ್ಲ'. ನಾಲ್ಕನೇ ತರಗತಿಯವರೆಗೆ ಓದಿದ್ದ ಅಜ್ಜಿಗೆ ಅನ್ನಂಭಟ್ಟ ಗೊತ್ತಿರಲಿಲ್ಲ, ಆದರೆ ಯಾವ ಪದ ಎಲ್ಲಿ ಎಂಬುದು ಚೆನ್ನಾಗಿ ಗೊತ್ತಿತ್ತು. ಅವಳು ಅಳಿಸುತ್ತಿರುವುದು ತನ್ನ ಇರವನ್ನಲ್ಲ. ಒಂದು ಸಮೀಕರಣವನ್ನು ಮಾತ್ರ.

ನೈಯಾಯಿಕರು ಹೇಳುವ ಇನ್ನೊಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಅಭಾವಕ್ಕೂ ಒಂದು ಪ್ರತಿಯೋಗಿ ಇರಬೇಕು, ಅಂದರೆ ಯಾವುದನ್ನು ನಿರಾಕರಿಸುತ್ತಿದ್ದೇವೋ ಅದು. ಗಡಿಗೆಯ ಕಲ್ಪನೆಯೇ ಇಲ್ಲದವನು 'ಗಡಿಗೆ ಇಲ್ಲ' ಎನ್ನಲಾರ. ಹಾಗೆಯೇ ಯಾರೂ ಎಂದೂ 'ಇವಳೇ ನೀನು' ಎನ್ನದಿದ್ದರೆ 'ಇವಳು ನಾನಲ್ಲ' ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ಈ ವಾಕ್ಯದೊಳಗೆ ಇನ್ನೊಂದು ವಾಕ್ಯ ಅಡಗಿದೆ, ನಾವು ಐವತ್ತು ವರ್ಷ ಹೇಳಿಕೊಂಡು ಬಂದದ್ದು. ಅಮೆರಿಕದ ಸೋಲ್ ವರ್ತ್ ಎಂಬ ವಿದ್ವಾಂಸ 1975ರಲ್ಲಿ ಬರೆದ ಒಂದು ಪ್ರಬಂಧದ ವಾದವೇ ಚಿತ್ರಗಳಿಗೆ 'ಅಲ್ಲ' ಎನ್ನಲು ಬರುವುದಿಲ್ಲ ಎಂಬುದು. ಚಿತ್ರ ತೋರಿಸಬಲ್ಲದು, ನಿರಾಕರಿಸಲಾರದು. ನಮ್ಮ ನಡುಮನೆಯ ಫೋಟೋಕ್ಕೂ ಅದೇ ಕಷ್ಟ. ಬಂದವರಿಗೆಲ್ಲ ನಾವು 'ಇವರು ಅಜ್ಜಿ' ಎಂದು ತೋರಿಸುವಾಗ ಆ ತರುಣಿ ಸುಮ್ಮನೆ ನಿಂತಿದ್ದಳು. ಅವಳ ಪರವಾಗಿ 'ಅಲ್ಲ' ಎನ್ನಲು ಯಾರಾದರೂ ಹಿಂಬದಿಯಲ್ಲಿ ಬರೆಯಲೇಬೇಕಿತ್ತು.

ಸಾಹಿತ್ಯ ಓದುವ ನಮ್ಮಂಥವರಿಗೆ ಇಂಥ ವಾಕ್ಯ ಕಂಡೊಡನೆ ಹೊಳೆಯುವ ಅರ್ಥ ಒಂದಿದೆ. ಮದುವೆ, ಹೆರಿಗೆ, ಅಡುಗೆಮನೆಯ ಹೊಗೆ ಇವೆಲ್ಲದರ ನಂತರ ಒಬ್ಬ ಹೆಂಗಸು ತನ್ನ ಹರೆಯದ ಮುಖ ನೋಡಿ 'ಇವಳು ನಾನಲ್ಲ' ಎನ್ನುತ್ತಿದ್ದಾಳೆ ಎಂಬ ಅರ್ಥ. ಸೆಮಿನಾರಿನಲ್ಲಿ ಓದಿದರೆ ತಲೆದೂಗಿಸಿಕೊಳ್ಳುವ ಓದು ಇದು. ತನ್ನಿಂದ ತಾನು ದೂರವಾದ ಹೆಣ್ಣು, ಕಳೆದುಹೋದ ಸ್ವಂತಿಕೆ ಎಂದೆಲ್ಲ ಎರಡು ಪುಟ ಬರೆಯಬಹುದು. ಆದರೆ ಈ ಓದಿಗೆ ಒಂದು ಷರತ್ತಿದೆ. ಆ ತರುಣಿ ನಿಜಕ್ಕೂ ಅಜ್ಜಿಯೇ ಆಗಿರಬೇಕು. ಅವಳು ಹೇಳಿದ್ದನ್ನು ರೂಪಕವೆಂದು ತಿಳಿಯುವ ಮೊದಲು, ಹೇಳಿದ್ದು ಸರಳವಾದ ನಿಜವೇ ಎಂದು ನೋಡುವುದು ನಮ್ಮ ಕರ್ತವ್ಯ. ಓದುಬರಹ ಹೆಚ್ಚಿಲ್ಲದ ಹೆಂಗಸರ ಮಾತನ್ನು ಸಂಕೇತವಾಗಿ ಓದುವುದಕ್ಕೆ ನಾವು ತೋರುವ ಉತ್ಸಾಹವನ್ನು ಸಾಕ್ಷ್ಯವಾಗಿ ಓದುವುದಕ್ಕೆ ತೋರುವುದಿಲ್ಲ.

ಅದೇ ಟ್ರಂಕಿನಲ್ಲಿ ಅಜ್ಜಿಯ ಜಾತಕ ಇತ್ತು. ಹುಟ್ಟಿದ್ದು ಪ್ರಜೋತ್ಪತ್ತಿ ಸಂವತ್ಸರದ ಶ್ರಾವಣ, ಅಂದರೆ 1931ರ ಮಳೆಗಾಲ. ಹಾಗಾದರೆ 1941ರ ಮಾಘದಲ್ಲಿ ಅವಳಿಗೆ ಒಂಬತ್ತೂವರೆ ವರ್ಷ. ಎಡದಿಂದ ಮೂರನೆಯವಳು ಒಂಬತ್ತರ ಹುಡುಗಿಯಾಗಿರಲು ಯಾವ ರೀತಿಯಲ್ಲೂ ಸಾಧ್ಯವಿಲ್ಲ. ಒಂದೇ ಕಾಗದವನ್ನು ನಂಬಬಾರದು ಎಂದು ಇನ್ನೊಂದು ದಾರಿಯಿಂದಲೂ ನೋಡಬಹುದು. 'ಗಾಂಧೀಜಿ ಹೋದ ವರ್ಷ ನನ್ನ ಮದುವೆ' ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಅದು 1948. ಜಾತಕದ ಲೆಕ್ಕಕ್ಕೂ ಆಗ ಹದಿನಾರು ಹದಿನೇಳು, ಸರಿಹೊಂದುತ್ತದೆ. ಇನ್ನು ಫೋಟೋದ ನಟ್ಟನಡುವೆ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿರುವವರು ಅಜ್ಜನ ಅಪ್ಪ. ಅವರು ತೀರಿಕೊಂಡ ಮೇಲೆ ಜಮೀನಿನ ಖಾತೆ ಅಜ್ಜನ ಹೆಸರಿಗೆ ಬದಲಾದ ಕಾಗದ 1944ರದ್ದು. ಅಂದರೆ ಅಜ್ಜನ ಮಸಿಯ ಬರಹವನ್ನು ನಂಬದೆ ಹೋದರೂ, ಫೋಟೋ 1944ಕ್ಕಿಂತ ಹಿಂದಿನದು. ಅಜ್ಜಿಯ ಮದುವೆಗೆ ನಾಲ್ಕು ವರ್ಷವಾದರೂ ಮುಂಚಿನದು. ಅಜ್ಜ-ಅಜ್ಜಿ ಗಂಡಹೆಂಡಿರಾಗಿ ಒಟ್ಟಿಗೆ ನಿಂತ ಫೋಟೋ ಅದಾಗಲು ಸಾಧ್ಯವೇ ಇಲ್ಲ. ಈ ಕಾಗದಗಳೆಲ್ಲ ಎಂದೂ ಅದೇ ಮನೆಯಲ್ಲಿದ್ದವು. ಯಾರೂ ಕೂಡಿಸಿ ನೋಡಿರಲಿಲ್ಲ, ಅಷ್ಟೆ.

ಹಾಗಾದರೆ ಅವಳು ಯಾರು? ಅಜ್ಜಿಯ ಮಕ್ಕಳಲ್ಲಿ ಹಿರಿಯಳಾದ ನನ್ನ ಅತ್ತೆಯನ್ನು ಕೇಳಿದಾಗ ಅವಳು ಮೊದಲು ಹೇಳಿದ್ದು, 'ಅದು ಅಮ್ಮನೇ ಕಣೇ, ಆ ಗಲ್ಲ ನೋಡು, ಕಿವಿ ನೋಡು' ಎಂದು. ಆಮೇಲೆ ಇಸವಿಗಳ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮನಿಗೆ ಒಬ್ಬಳು ಅಕ್ಕ ಇದ್ದಳು ಅಂತ ಕೇಳಿದ್ದು ನೆನಪು. ಸಣ್ಣವಯಸ್ಸಿಗೇ ಹೋದಳಂತೆ. ಯಾರೂ ಅವಳ ಮಾತು ಎತ್ತುತ್ತಿರಲಿಲ್ಲ' ಎಂದಳು.

ಇಲ್ಲಿಂದ ಮುಂದೆ ಇರುವುದು ಊಹೆ, ಅದನ್ನು ಊಹೆಯೆಂದೇ ಹೇಳಬೇಕು. ಅಜ್ಜ 1948ರಲ್ಲಿ ಮದುವೆಯಾದಾಗ ಮೂವತ್ತರ ಸುಮಾರು. ಜಮೀನಿದ್ದ ಮನೆಯ ಹಿರಿಮಗ ಆ ಕಾಲದಲ್ಲಿ ಅಷ್ಟು ವರ್ಷ ಮದುವೆಯಿಲ್ಲದೆ ಉಳಿಯುವುದು ಅಪರೂಪ. ಅಕ್ಕ ತೀರಿಕೊಂಡರೆ ತಂಗಿಯನ್ನು ಅದೇ ಮನೆಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಫೋಟೋದ ತರುಣಿಗೆ ಅಜ್ಜಿಯ ಹೋಲಿಕೆ ಎಷ್ಟಿದೆಯೆಂದರೆ ಹೆತ್ತ ಮಗಳೇ ಮೋಸಹೋಗುವಷ್ಟು. ಇವನ್ನೆಲ್ಲ ಜೋಡಿಸಿದರೆ ಅವಳು ಅಜ್ಜಿಯ ಅಕ್ಕ, ಅಜ್ಜನ ಮೊದಲ ಹೆಂಡತಿ ಎನ್ನಿಸುತ್ತದೆ. ಆದರೆ ಅವಳು ಅಜ್ಜನ ತಂಗಿಯೂ ಆಗಿರಬಹುದು, ದಾಯಾದಿ ಮನೆಯ ಸೊಸೆಯೂ ಆಗಿರಬಹುದು. ಪಕ್ಕದಲ್ಲಿ ನಿಂತ ಮಾತ್ರಕ್ಕೆ ಹೆಂಡತಿಯಾಗುವುದಿಲ್ಲ, ಹೋಲಿಕೆಯೊಂದೇ ರಕ್ತಸಂಬಂಧಕ್ಕೆ ಪುರಾವೆಯಲ್ಲ. ಫೋಟೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಗೆರೆ, ಕಲೆಗಳನ್ನು ತಿದ್ದುತ್ತಿದ್ದ ಕಾಲ ಅದು. ಆ ಕೈಕೆಲಸದಲ್ಲಿ ಎರಡು ಮುಖಗಳು ಇರುವುದಕ್ಕಿಂತ ಹೆಚ್ಚು ಒಂದೇ ತರ ಕಾಣುವುದೂ ಇತ್ತು.

ಇನ್ನೊಂದು ಸಣ್ಣ ಸಂಗತಿ. ನೆಲದ ಮೇಲೆ ಕೂತ ನಾಲ್ಕು ಮಕ್ಕಳಲ್ಲಿ ಬಲಗಡೆಯ ಕೊನೆಯ ಹುಡುಗಿಗೆ ಎಂಟು ಒಂಬತ್ತು ವರ್ಷ ಇರಬಹುದು. ಲೆನ್ಸ್ ತೆರೆದಿದ್ದ ಅರ್ಧ ಸೆಕೆಂಡಿನಲ್ಲಿ ಅವಳು ತಲೆ ಹೊರಳಿಸಿದ್ದಾಳೆ, ಮುಖ ಕದಡಿಹೋಗಿದೆ. ಅವಳು ಹೊರಳಿರುವುದು ಹಿಂದಿನ ಸಾಲಿನತ್ತ. ಅವಳೇ ಅಜ್ಜಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅಜ್ಜಿ 'ಇದರಲ್ಲಿ ನಾನಿಲ್ಲ' ಎಂದು ಬರೆಯದೆ 'ಮೂರನೆಯವಳು ನಾನಲ್ಲ' ಎಂದಷ್ಟೇ ಬರೆದಳು ಎಂಬುದು ಆ ಹುಡುಗಿಯನ್ನು ನೋಡುವಾಗ ಮನಸ್ಸಿನಲ್ಲಿರುತ್ತದೆ.

ಈಗ ನೀತಿಯ ಪ್ರಶ್ನೆ. ಅಜ್ಜಿ ಐವತ್ತು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ನೆಂಟರು ಫೋಟೋದ ಕೆಳಗೆ ನಿಂತು 'ಎಷ್ಟು ಚೆಂದ ಇದ್ದಿರಿ' ಎಂದಾಗ ನಕ್ಕು ಕಾಫಿ ಕೊಟ್ಟಳು. ಇದು ಸುಳ್ಳೇ? 'ನಾನೇ' ಎಂದು ಅವಳು ಎಂದೂ ಹೇಳಿದ್ದು ಯಾರಿಗೂ ನೆನಪಿಲ್ಲ. ಬೇರೆಯವರ ತಪ್ಪು ತಿಳಿವಳಿಕೆಯನ್ನು ತಿದ್ದಲಿಲ್ಲ, ಅಷ್ಟೆ. ಸುಳ್ಳಾಡುವುದು ಬೇರೆ, ಸುಮ್ಮನಿರುವುದು ಬೇರೆ ಎಂದು ನಾವೆಲ್ಲ ಒಪ್ಪುತ್ತೇವೆ. ಆದರೂ ಸುಮ್ಮನಿರುವುದರಿಂದ ಯಾರಿಗಾದರೂ ಸಲ್ಲಬೇಕಾದ್ದು ತಪ್ಪಿಹೋಗುತ್ತಿದ್ದರೆ ಆ ಮೌನ ಹಗುರವಾಗಿ ಉಳಿಯುವುದಿಲ್ಲ. ಇಲ್ಲಿ ತಪ್ಪಿಹೋಗುತ್ತಿದ್ದದ್ದು ಆ ತರುಣಿಗೆ. ಅವಳ ಏಕೈಕ ಗುರುತಾಗಿ ಉಳಿದ ಮುಖ ಇನ್ನೊಬ್ಬಳ ಹೆಸರಿಗೆ ಜಮೆಯಾಗುತ್ತಿತ್ತು. ಮನೆ, ಗಂಡ, ಒಲೆ ಎಲ್ಲ ಒಬ್ಬಳಿಂದ ಇನ್ನೊಬ್ಬಳಿಗೆ ಬಂದಿದ್ದವು ಎನ್ನುವುದಾದರೆ, ಮುಖವನ್ನೂ ತೆಗೆದುಕೊಳ್ಳಲು ಅಜ್ಜಿ ಒಪ್ಪಲಿಲ್ಲ. ನನ್ನ ಊಹೆ ತಪ್ಪಾಗಿ, ಅವಳು ಬೇರೆ ಯಾರೋ ಆಗಿದ್ದರೂ ಈ ಮಾತಿನ ತಿರುಳು ಬದಲಾಗುವುದಿಲ್ಲ. ತನ್ನದಲ್ಲದ ಮುಖವನ್ನು ತನ್ನದೆಂದು ಇಟ್ಟುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಹಾಗಿದ್ದರೆ ಜೋರಾಗಿ ಹೇಳಬೇಕಿತ್ತಲ್ಲ ಎನ್ನಬಹುದು. ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ತಗ್ಗಿದ ದನಿಯಲ್ಲಿ ಸೇರಿಸಿದ ಕತೆ ಎಲ್ಲರಿಗೂ ಗೊತ್ತು. ನಿಜದ ಭಾಗವನ್ನು ಅವನು ಮೆಲ್ಲಗೆ ಹೇಳಿದ್ದು ದ್ರೋಣನಿಗೆ ಕೇಳಿಸಬಾರದೆಂದು. ಅಜ್ಜಿಯೂ ಮೆಲ್ಲಗೇ ಹೇಳಿದಳು, ಗೋಡೆಯ ಪ್ರತಿಯನ್ನು ಬಿಟ್ಟು ಟ್ರಂಕಿನ ಪ್ರತಿಯ ಬೆನ್ನಿಗೆ, ಸಣ್ಣ ಅಕ್ಷರದಲ್ಲಿ. ಆದರೆ ಅವಳ ಮೆಲುದನಿಯ ಗುರಿ ಬೇರೆ. ಕೇಳಿಸಬಾರದೆಂದಿದ್ದರೆ ಬರೆಯುವ ಅಗತ್ಯವಿರಲಿಲ್ಲ, ಫೋಟೋವನ್ನು ಒಲೆಗೆ ಹಾಕಿದ್ದರೂ ಆಗುತ್ತಿತ್ತು. ತಾನು, ತನ್ನ ಗಂಡ, ಆ ಕಾಲದ ನಾಲಿಗೆಗಳು ಎಲ್ಲ ತಣ್ಣಗಾದ ಮೇಲೆ, ಟ್ರಂಕು ತೆಗೆಯುವಷ್ಟು ಹತ್ತಿರದವರು ಮತ್ತು ಫೋಟೋವನ್ನು ಮಗುಚಿ ನೋಡುವಷ್ಟು ಕುತೂಹಲ ಇರುವವರು ಯಾರಾದರೂ ಓದಲಿ ಎಂದು ಅವಳು ಬರೆದಳು. ಹಾಗಾಗಿ ಇದನ್ನು ಹೊರಗೆ ತರುವುದು ಅವಳ ಗುಟ್ಟನ್ನು ರಟ್ಟು ಮಾಡಿದಂತಲ್ಲ ಎಂದು ನನಗನ್ನಿಸುತ್ತದೆ. ಹೆಸರುಗಳನ್ನು ನಾನು ಇಲ್ಲಿ ಬರೆದಿಲ್ಲ. ಅವಳು ಕೂಡ ಬರೆದಿರಲಿಲ್ಲ.

ನಿಜವಾದ ಕಷ್ಟ ಇರುವುದು ಅತ್ತೆಯ ಕಡೆಯಿಂದ. ಊರಿನ ಮನೆಯಲ್ಲಿ ಎಲ್ಲರೂ ಸೇರುವ ಒಂದು ಕಾರ್ಯಕ್ರಮಕ್ಕೆ ಚಿಕ್ಕಪ್ಪ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಕೆಳಗೆ ಹೆಸರುಗಳನ್ನು ಅಚ್ಚು ಹಾಕಿಸಬೇಕೆಂದಿದ್ದಾನೆ. ಅಜ್ಜಿಯ ಹೆಸರು ಬೇಡ ಎಂದಾಗ ಅತ್ತೆ ಹೇಳಿದ ಮಾತು ಇದು: 'ಅಮ್ಮನ ಹರೆಯದ್ದು ಅಂತ ನನ್ನ ಹತ್ತಿರ ಇದ್ದದ್ದು ಇದೊಂದೇ. ಇದೂ ಅಲ್ಲ ಅಂದರೆ ನನಗೆ ಏನು ಉಳಿಯಿತು?' ಇದು ತಳ್ಳಿಹಾಕುವ ಮಾತಲ್ಲ. ಬದುಕಿರುವ ಒಬ್ಬಳ ದುಃಖ, ತೀರಿಹೋದ ಇಬ್ಬರ ನ್ಯಾಯ. ತೀರಿಹೋದವರಿಗೆ ಈಗ ನೋವಾಗುವುದಿಲ್ಲ, ಇರುವವರಿಗೆ ಆಗುತ್ತದೆ. ಹಾಗಾಗಿ ಸುಮ್ಮನೆ ಹಳೆಯ ಹೆಸರನ್ನೇ ಹಾಕಿಬಿಡುವುದು ಕರುಣೆಯಲ್ಲವೇ ಎಂದು ಕೇಳಿದರೆ ತಕ್ಷಣ ಉತ್ತರ ಹೊಳೆಯುವುದಿಲ್ಲ.

ಜರ್ಮನ್ ಲೇಖಕ ಸೀಗ್‌ಫ್ರೀಡ್ ಕ್ರಾಕಾವರ್ 1927ರಲ್ಲಿ ಛಾಯಾಚಿತ್ರದ ಬಗ್ಗೆ ಬರೆದ ಪ್ರಬಂಧದಲ್ಲಿ ಇಂಥದ್ದೇ ಒಂದು ಫೋಟೋ ಬರುತ್ತದೆ. ಇಪ್ಪತ್ತನಾಲ್ಕು ವರ್ಷದ ಅಜ್ಜಿಯ ಅರವತ್ತು ವರ್ಷ ಹಳೆಯ ಚಿತ್ರ. ಮೊಮ್ಮಕ್ಕಳು ಅದನ್ನು ನೋಡುತ್ತಾರೆ. ಅವರಿಗೆ ಕಾಣುವುದು ಹಳೆಯ ಕಾಲದ ಬಟ್ಟೆ, ಜಡೆ. ಅಪ್ಪ ಅಮ್ಮ ಹೇಳದಿದ್ದರೆ ಅದು ಅಜ್ಜಿ ಎಂದು ಚಿತ್ರವೊಂದರಿಂದಲೇ ತಿಳಿಯುವಂತಿಲ್ಲ, ಆ ಕಾಲದ ಯಾವ ಹುಡುಗಿಯಾದರೂ ಆಗಬಹುದಿತ್ತು ಎನ್ನುತ್ತಾನೆ ಅವನು. ಫೋಟೋವನ್ನು ಅಜ್ಜಿಯಾಗಿಸುವುದು ಬಾಯಿಂದ ಬಾಯಿಗೆ ಬಂದ ಮಾತು. ನಮ್ಮ ಮನೆಯಲ್ಲಿ ಆಗಿರುವುದು ಕ್ರಾಕಾವರ್ ಹೇಳಿದ್ದರ ಮುಂದಿನ ಹೆಜ್ಜೆ. ಆ ಬಾಯಿಮಾತು ಎಷ್ಟು ಬಲವಾಗಿತ್ತೆಂದರೆ, ಬೇರೊಬ್ಬಳನ್ನು ಅಜ್ಜಿಯಾಗಿಸಿಬಿಟ್ಟಿತು. ಇದರಿಂದ ಅತ್ತೆಗೆ ಹೇಳಬಹುದಾದದ್ದು ಒಂದಿದೆ. ಅವಳು ಇಷ್ಟು ವರ್ಷ ಆ ಚಿತ್ರದ ಮುಂದೆ ನಿಂತು ನೆನೆದದ್ದು ಅಮ್ಮನನ್ನೇ. ನೆನಪಿನ ಅಮ್ಮ, ಅವಳ ದನಿ, ಅವಳ ಕೈಯ ವಾಸನೆ ಯಾವುದೂ ಆ ತರುಣಿಯಿಂದ ಬಂದದ್ದಲ್ಲ. ಹಾಗಾಗಿ ಹೆಸರನ್ನು ತೆಗೆದರೆ ಅವು ಹೋಗುವುದೂ ಇಲ್ಲ. ಹೋಗುವುದು ಹರೆಯದ ಮುಖವೊಂದು. ಅದು ನಷ್ಟವೇ, ಇಲ್ಲ ಎನ್ನಲಾಗದು. ಆದರೆ ಬದಲಿಗೆ ಬರುವುದೂ ಅಮ್ಮನದೇ, ಅವಳ ಕೈಬರಹದ ಒಂದು ವಾಕ್ಯ. ಅಲ್ಲದೆ, ಅಮ್ಮ ಸ್ವತಃ ಬೇಡವೆಂದ ಮುಖವನ್ನು ಅಮ್ಮನ ಮೇಲಿನ ಪ್ರೀತಿಗಾಗಿ ಅವಳಿಗೇ ಅಂಟಿಸುವುದು ಪ್ರೀತಿಯ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಇದರ ಇನ್ನೊಂದು ತುದಿಯಲ್ಲಿ ನನ್ನಂಥ ಸಂಶೋಧಕರಿಗೆ ಬೇರೆ ಆಸೆ ಕಾದಿರುತ್ತದೆ. 'ಎಡದಿಂದ ಮೂರನೆಯವರು: ಅಜ್ಜನ ಮೊದಲ ಪತ್ನಿ' ಎಂದು ಅಚ್ಚು ಹಾಕಿಸಿಬಿಡುವ ಆಸೆ. ಮರೆತುಹೋದವಳಿಗೆ ನ್ಯಾಯ ಕೊಡಿಸಿದ ತೃಪ್ತಿ ಅದರಲ್ಲಿದೆ. ಆದರೆ ಅದು ನನ್ನ ಊಹೆಯನ್ನು ಅವಳ ಗುರುತು ಮಾಡಿದಂತೆ. ಒಂದು ತಪ್ಪು ಹೆಸರನ್ನು ತೆಗೆದು, ತಪ್ಪಾಗಿರಬಹುದಾದ ಇನ್ನೊಂದನ್ನು ಇಟ್ಟಂತೆ. ಅಜ್ಜಿಗೆ ಆ ತರುಣಿ ಯಾರೆಂದು ಖಂಡಿತ ಗೊತ್ತಿದ್ದಿರಬೇಕು, ಆದರೂ ಅವಳು ಬರೆದದ್ದು ತನ್ನ ಪರವಾಗಿ ಮಾತ್ರ. ಯಾರಲ್ಲ ಎಂಬುದನ್ನು ಹೇಳಿ, ಯಾರು ಎಂಬುದನ್ನು ಬಿಟ್ಟಳು. ಆ ಮಿತಿಯಲ್ಲಿ ಒಂದು ಮರ್ಯಾದೆ ಇದೆ.

ದಾಖಲಾತಿ ಕೆಲಸ ಮಾಡುವವರಲ್ಲಿ ಒಂದು ಪದ್ಧತಿ ಇದೆ. ಹಳೆಯ ಫೋಟೋದ ಹಿಂದೆ ಇರುವ ಬರಹವನ್ನು ಇದ್ದ ಹಾಗೆಯೇ, ಕಾಗುಣಿತ ಕೂಡ ತಿದ್ದದೆ, ನಕಲು ಮಾಡುತ್ತಾರೆ. ತಾವು ಬೇರೆ ಕಡೆಯಿಂದ ತಿಳಿದದ್ದನ್ನು ಸೇರಿಸುವುದಾದರೆ ಅದನ್ನು ಚೌಕ ಆವರಣದೊಳಗೆ ಹಾಕುತ್ತಾರೆ. ಖಚಿತವಿಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಫೋಟೋದ ಮೇಲೆ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ತೀರಾ ಅಗತ್ಯವಿದ್ದರೆ ಹಿಂಬದಿಯ ಅಂಚಿನಲ್ಲಿ ಮೆದುವಾದ ಸೀಸದ ಕಡ್ಡಿಯಿಂದ, ಅಳಿಸಲು ಬರುವ ಹಾಗೆ. ನೋಡಲು ಗುಮಾಸ್ತಿಕೆಯ ನಿಯಮ ಇದು. ಆದರೆ ಈ ಫೋಟೋದ ಪ್ರಶ್ನೆಗೆ ಇದಕ್ಕಿಂತ ನ್ಯಾಯವಾದ ಉತ್ತರ ನನಗೆ ಸಿಕ್ಕಿಲ್ಲ. ಅವರ ಮಾತು ಯಾವುದು, ನನ್ನ ಮಾತು ಯಾವುದು ಎಂಬ ಗೆರೆಯನ್ನು ಆವರಣ ಕಾಯುತ್ತದೆ. ನಮ್ಮ ನಂತರ ಬಂದವರು ನನ್ನ ಊಹೆಯನ್ನು ತೆಗೆದುಹಾಕಿದರೂ ಅವಳ ವಾಕ್ಯ ಗಾಯವಾಗದೆ ಉಳಿಯುತ್ತದೆ.

ಹಾಗಾಗಿ ಚಿಕ್ಕಪ್ಪನಿಗೆ ನಾನು ಬರೆದುಕೊಟ್ಟದ್ದು ಹೀಗಿದೆ. ಕುರ್ಚಿಯಲ್ಲಿ ಕೂತವರ ಮತ್ತು ಅಜ್ಜನ ಹೆಸರುಗಳು ಎಲ್ಲರಿಗೂ ಗೊತ್ತಿರುವಂತೆ. ಅಜ್ಜನ ಬರಹ: 'ವಿಕ್ರಮ ಸಂ. ಮಾಘ ಶುದ್ಧ', ಅದರ ಮುಂದೆ ಚೌಕ ಆವರಣದಲ್ಲಿ 1941. ಎಡದಿಂದ ಮೂರನೆಯ ಜಾಗದಲ್ಲಿ ಹೆಸರು ಇಲ್ಲ, ಅಜ್ಜಿಯ ವಾಕ್ಯವೇ ಇದೆ, ಅವಳು ಬರೆದಂತೆಯೇ. ನೆಲದ ಮೇಲೆ ಕೂತ ಬಲತುದಿಯ ಹುಡುಗಿಗೆ ಚೌಕ ಆವರಣದಲ್ಲಿ ಅಜ್ಜಿಯ ಹೆಸರು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅತ್ತೆ ಅದನ್ನು ಎರಡು ಸಲ ಓದಿದಳು. ಆಮೇಲೆ ಕನ್ನಡಕ ತೆಗೆದು, ಕದಡಿದ ಮುಖದ ಆ ಹುಡುಗಿಯನ್ನು ಹತ್ತಿರ ಹಿಡಿದು ನೋಡತೊಡಗಿದಳು.